ಪೂರ್ತಿ ಹರಿವಿನಲ್ಲಿ ಸೋಲುವ ಡೀಸೆಲ್ ಫೈರ್ ಪಂಪ್: ದೋಷ ಹುಡುಕುವ ಕೈಪಿಡಿ

ವಾರಕ್ಕೊಮ್ಮೆ ಡೀಸೆಲ್ ಪಂಪ್ ಚಾಲೂ ಮಾಡಿ, ಗೇಜಿನಲ್ಲಿ ಒತ್ತಡ ಏರಿದ್ದನ್ನು ನೋಡಿ, ರಿಜಿಸ್ಟರಿನಲ್ಲಿ ‘ಓಕೆ’ ಎಂದು ಬರೆದು ಬಿಡುವ ಪಂಪ್ ರೂಮುಗಳೇ ಹೆಚ್ಚು. ನೀರು ಹರಿಯದೆ ಪಂಪ್ ತಿರುಗಿದಾಗ ಒತ್ತಡ ಏರಿಯೇ ಏರುತ್ತದೆ. ಆಗ ಟ್ಯಾಂಕಿನಿಂದ ಪಂಪಿಗೆ ನೀರು ತರುವ ಸಕ್ಷನ್ ಪೈಪಿನಲ್ಲಿ ನೀರಿನ ಓಟವೂ ಇರುವುದಿಲ್ಲ, ಎಂಜಿನ್ ಮೇಲೆ ಪೂರ್ತಿ ಭಾರವೂ ಬೀಳುವುದಿಲ್ಲ. ದೋಷ ಹೊರಬರುವುದು ನೀರು ಹರಿದಾಗ ಮಾತ್ರ. ಹಾಗಾಗಿ ಈ ಬರಹದಲ್ಲಿ ಲೈನಿನ ಒತ್ತಡ ಇಳಿಯದಂತೆ ಕಾಯುವ ಪುಟ್ಟ ಜಾಕಿ ಪಂಪ್ ಮತ್ತು ಸ್ಟಾರ್ಟಿಂಗ್ ತೊಂದರೆಗಳನ್ನು ಬೇಗ ಮುಗಿಸಿ, ಪೂರ್ತಿ ಹರಿವಿನ ದೋಷಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಉದಾಹರಣೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ವ್ಯವಸ್ಥೆ ಎಂದಿಟ್ಟುಕೊಳ್ಳಿ. ನೆಲಮಾಳಿಗೆಯಲ್ಲಿ ನೀರಿನ ಟ್ಯಾಂಕ್, ಅದರ ಪಕ್ಕದಲ್ಲೇ ಪಂಪ್ ರೂಮ್. ಟ್ಯಾಂಕಿನ ನೀರಿನ ಮಟ್ಟ ಪಂಪ್‌ನ ನಡುಗೆರೆಗಿಂತ 1.5 ಮೀಟರ್ ಮೇಲಿದೆ. ನಿಮಿಷಕ್ಕೆ 2280 ಲೀಟರ್, 90 ಮೀಟರ್ ಹೆಡ್‌ನ, ಅಂದರೆ ನೀರನ್ನು ಅಷ್ಟು ಎತ್ತರಕ್ಕೆ ಏರಿಸುವಷ್ಟು ಒತ್ತಡದ, ಒಂದು ಎಲೆಕ್ಟ್ರಿಕ್ ಪಂಪ್, ಅಷ್ಟೇ ಸಾಮರ್ಥ್ಯದ ಒಂದು ಡೀಸೆಲ್ ಪಂಪ್, 180 ಲೀಟರಿನ ಜಾಕಿ. ಸಕ್ಷನ್ ಪೈಪ್ 150 ಮಿ.ಮೀ. ಕೆಳಗೆ ಒತ್ತಡವನ್ನು ನಮ್ಮ ಗೇಜುಗಳಲ್ಲಿ ಇರುವಂತೆ ‘ಕೆಜಿ’ಯಲ್ಲೇ ಕೊಟ್ಟಿದೆ, ಅಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ. 10 ಮೀಟರ್ ನೀರಿನ ಎತ್ತರಕ್ಕೆ 1 ಕೆಜಿ.

ಕೈ ಹಾಕುವ ಮೊದಲು

ಪಂಪನ್ನು ಆಟೋದಿಂದ ತೆಗೆದ ಕ್ಷಣದಿಂದ ಕಟ್ಟಡದ ಬೆಂಕಿ ರಕ್ಷಣೆ ಕುಗ್ಗುತ್ತದೆ. ಸೆಕ್ಯೂರಿಟಿಗೂ ಮ್ಯಾನೇಜರಿಗೂ ಹೇಳಿ, ಪಂಪ್ ರೂಮಿನಲ್ಲಿ ಒಬ್ಬರನ್ನು ನಿಲ್ಲಿಸಿಯೇ ಕೆಲಸ ಶುರು ಮಾಡಿ. ಎರಡೂ ಮುಖ್ಯ ಪಂಪುಗಳನ್ನು ಒಟ್ಟಿಗೆ ಆಫ್ ಮಾಡಿ ಹೋಗುವುದು ಬೇಡ. ಕಪ್ಲಿಂಗ್ ಅಥವಾ ಬೆಲ್ಟ್ ಹತ್ತಿರ ಕೈ ಹಾಕುವುದಾದರೆ ಪ್ಯಾನೆಲ್ ಸ್ವಿಚ್ ಆಫ್ ಇದ್ದರೆ ಸಾಲದು. ಎರಡೂ ಬ್ಯಾಟರಿಗಳ ನೆಗೆಟಿವ್ ಕೇಬಲ್ ಬಿಚ್ಚಿಡಿ, ಒತ್ತಡ ಕುಸಿದರೆ ಡೀಸೆಲ್ ಎಂಜಿನ್ ತಾನಾಗಿ ಎದ್ದು ಕೂರುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅಲ್ಲಿ ಬೀಡಿ, ಕಿಡಿ ಎರಡೂ ಕೂಡದು. ಸೈಲೆನ್ಸರ್ ಪೈಪ್ ಹೊರಗಿನ ಗಾಳಿಗೆ ತೆರೆದಿದೆಯೇ ನೋಡದೆ ನೆಲಮಾಳಿಗೆಯಲ್ಲಿ ಎಂಜಿನ್ ಓಡಿಸಬೇಡಿ.

ಜಾಕಿ ಪಂಪ್ ಪದೇ ಪದೇ ಆನ್ ಆಗುತ್ತದೆ

ಮೊದಲು ಅದು ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ದುಡ್ಡಿಲ್ಲದ ಈ ತಪಾಸಣೆಯಲ್ಲೇ ಅರ್ಧ ಉತ್ತರ ಸಿಗುತ್ತದೆ.

ಎರಡು ಮೂರು ಸೆಕೆಂಡಿಗೊಮ್ಮೆ ಆನ್-ಆಫ್ ಆಗುತ್ತಿದ್ದರೆ ಅದು ಸೋರಿಕೆಯಲ್ಲ. ಪ್ರೆಷರ್ ಸ್ವಿಚ್‌ನ ಆನ್ ಮತ್ತು ಆಫ್ ಅಂಕಿಗಳು ತೀರಾ ಹತ್ತಿರ ಇವೆ, ಇಲ್ಲವೇ ಏರ್ ವೆಸಲ್‌ನಲ್ಲಿ ಗಾಳಿ ಹೋಗಿ ನೀರು ತುಂಬಿಕೊಂಡಿದೆ. ನಮ್ಮ ಉದಾಹರಣೆಯಲ್ಲಿ ಜಾಕಿ 10.0ಕ್ಕೆ ಆನ್, 10.7ಕ್ಕೆ ಆಫ್, ಎಲೆಕ್ಟ್ರಿಕ್ 9.6ಕ್ಕೆ, ಡೀಸೆಲ್ 8.9ಕ್ಕೆ ಆನ್. ಮುಖ್ಯ ಪಂಪುಗಳು ಕೈಯಾರೆ ಮಾತ್ರ ನಿಲ್ಲಬೇಕು, ಅವುಗಳಿಗೆ ಆಟೋ-ಸ್ಟಾಪ್ ಅಂಕಿ ಇಟ್ಟಿದ್ದರೆ ತೆಗೆಸಿ. ಈ ಹಂತಗಳ ನಡುವೆ ಅಂತರ ಉಳಿಯದಿದ್ದರೆ ಜಾಕಿಯ ಕೆಲಸಕ್ಕೆ ದೊಡ್ಡ ಪಂಪ್ ಏಳುತ್ತದೆ.

ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡ್ ಓಡುತ್ತಿದ್ದರೆ ಲೆಕ್ಕ ಹಾಕಿ: 180 ಲೀಟರಿನ ಪಂಪ್ 20 ಸೆಕೆಂಡಿನಲ್ಲಿ ಕೊಡುವುದು 60 ಲೀಟರ್. ಅಂದರೆ ನಿಮಿಷಕ್ಕೆ ಸುಮಾರು 6 ಲೀಟರ್ ಎಲ್ಲೋ ಹೋಗುತ್ತಿದೆ. ಟೆರೇಸ್ ಮೇಲಿನ ಫೈರ್ ಟ್ಯಾಂಕ್ ತುಂಬಿ ಚೆಲ್ಲುತ್ತಿದೆಯೇ ಎಂದು ಮೊದಲು ನೋಡಿ. ಚೆಲ್ಲುತ್ತಿದ್ದರೆ ನೀರು ಹಿಂದೆ ಹೋಗದಂತೆ ತಡೆಯುವ ಅಲ್ಲಿನ ವಾಲ್ವ್, ಅಂದರೆ ಎನ್‌ಆರ್‌ವಿ, ಹಿಡಿಯುತ್ತಿಲ್ಲ, ಜಾಕಿ ಇಡೀ ದಿನ ಟೆರೇಸಿಗೆ ನೀರು ಏರಿಸುತ್ತಿದೆ. ಆಮೇಲೆ ಹೈಡ್ರಂಟ್ ವಾಲ್ವುಗಳ ಬಾಯಿ, ಹೋಸ್ ರೀಲ್, ಅಂಗಳದಲ್ಲಿ ಕಾರಣವಿಲ್ಲದೆ ಒದ್ದೆಯಾಗಿರುವ ಜಾಗ. ಎಲ್ಲೂ ಕಾಣದಿದ್ದರೆ ಡೀಸೆಲ್ ಪಂಪಿನ ಡೆಲಿವರಿ ವಾಲ್ವ್ ನಿಧಾನ ಮುಚ್ಚಿ. ಒತ್ತಡ ಕುಸಿಯುವುದು ನಿಂತರೆ ಆ ಪಂಪಿನ ಎನ್‌ಆರ್‌ವಿ ಮೂಲಕ ನೀರು ಟ್ಯಾಂಕಿಗೇ ಹಿಂದೆ ಹೋಗುತ್ತಿತ್ತು ಎಂದರ್ಥ. ವಾಲ್ವ್ ತೆರೆದ ಮೇಲೆಯೇ ಎಲೆಕ್ಟ್ರಿಕ್ ಪಂಪಿನದನ್ನು ಮುಚ್ಚಿ ನೋಡಿ.

ಶಾಫ್ಟ್ ಪಂಪಿನಿಂದ ಹೊರಬರುವಲ್ಲಿನ ಗ್ಲ್ಯಾಂಡಿನಿಂದ ಸೆಕೆಂಡಿಗೊಂದು ಹನಿ ಬೀಳುವುದು ದೋಷವಲ್ಲ. ಅದನ್ನು ಬಿಗಿದು ಒಣಗಿಸಿದರೆ ಶಾಫ್ಟ್ ಸ್ಲೀವ್ ಸುಡುತ್ತದೆ.

ಎಂಜಿನ್ ಏಳುತ್ತಿಲ್ಲ

ಪ್ಯಾನೆಲ್ ಸ್ವಿಚ್ ಆಟೋದಲ್ಲಿದೆಯೇ, ಡೀಸೆಲ್ ಕಾಕ್ ತೆರೆದಿದೆಯೇ, ಓವರ್‌ಸ್ಪೀಡ್ ಟ್ರಿಪ್ ರೀಸೆಟ್ ಆಗಿದೆಯೇ: ಈ ಮೂರನ್ನು ನೋಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ. ಓವರ್‌ಸ್ಪೀಡ್ ಟ್ರಿಪ್ ಮಾತ್ರ ಯಾಕೆ ಆಯಿತು ಎಂದು ಗೊತ್ತಾಗದೆ ರೀಸೆಟ್ ಮಾಡಿ ಓಡಿಸಬೇಡಿ, ಎಂಜಿನ್ ವೇಗ ಹಿಡಿದಿಡುವ ಗವರ್ನರ್ ಕೆಟ್ಟಿರಬಹುದು. ಅಲ್ಲಿಂದ ಮುಂದೆ ತಜ್ಞರ ಕೆಲಸ.

ಸ್ಟಾರ್ಟರ್ ‘ಕಟ್ ಕಟ್’ ಎಂದು ನಿಂತರೆ ಬ್ಯಾಟರಿ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿಯೂ ಸ್ಟಾರ್ಟರ್ ಎಳೆದಾಗ 9ಕ್ಕಿಂತ ಕೆಳಗೆ ಬಿದ್ದರೆ ಅದು ಮುಗಿದಿದೆ. ಮೀಟರ್ ಹಿಡಿಯಬೇಕಾದ್ದು ಎಳೆಯುವಾಗ. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿ ತೊಳೆದು ಮತ್ತೆ ನೋಡಿ. ಎರಡೂ ಬ್ಯಾಟರಿ ಸೆಟ್‌ಗಳಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ. ಒಂದು ಸತ್ತಿದ್ದರೂ ಇನ್ನೊಂದರಿಂದ ಎಂಜಿನ್ ಎದ್ದುಬಿಡುವುದರಿಂದ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ.

ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ, ಕಟ್ಟಿದ ಫಿಲ್ಟರ್, ಅಥವಾ ಸ್ಟಾಪ್ ಸೊಲೆನಾಯ್ಡ್ ಹಿಡಿದುಕೊಂಡಿದೆ. ಫೈರ್ ಪಂಪುಗಳ ಅಮೆರಿಕನ್ ಮಾನದಂಡವಾದ ಎನ್‌ಎಫ್‌ಪಿಎ 20ರ ಕ್ರಮದಲ್ಲಿ ಪ್ಯಾನೆಲ್ 15 ಸೆಕೆಂಡ್ ಎಳೆದು 15 ಸೆಕೆಂಡ್ ಬಿಡುವಂತೆ ಆರು ಸಲ ಪ್ರಯತ್ನಿಸಿ ಅಲಾರಂ ಕೊಡುತ್ತದೆ. ಅಲಾರಂ ಬಂದ ಮೇಲೂ ಬಟನ್ ಒತ್ತುತ್ತಲೇ ಇದ್ದರೆ ಸ್ಟಾರ್ಟರ್ ಮೋಟಾರ್ ಸುಟ್ಟು, ಒಂದಿದ್ದ ದೋಷ ಎರಡಾಗುತ್ತದೆ.

ಒತ್ತಡ ಏರುತ್ತದೆ, ನೀರು ಬಿಟ್ಟರೆ ಕುಸಿಯುತ್ತದೆ

ಇಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು: ಸಕ್ಷನ್ ಗೇಜ್, ಡೆಲಿವರಿ ಗೇಜ್, ಎಂಜಿನ್ ಆರ್‌ಪಿಎಂ. ಸಕ್ಷನ್ ಕಡೆಯ ಗೇಜ್ ಸೊನ್ನೆಯ ಕೆಳಗೂ ಓದುವ ಕಾಂಪೌಂಡ್ ಗೇಜ್ ಆಗಿರಬೇಕು. ಎಷ್ಟೋ ಕಡೆ ಅದರ ಜಾಗದಲ್ಲಿ ಸಾಮಾನ್ಯ ಗೇಜ್ ಇರುತ್ತದೆ, ಅದರ ಮುಳ್ಳು ಸೊನ್ನೆಯ ಕಡ್ಡಿಗೆ ಒರಗಿ ಏನೂ ಹೇಳುವುದಿಲ್ಲ. ಬದಲಾಯಿಸಲು ಹೆಚ್ಚು ಖರ್ಚಿಲ್ಲ, ಮೊದಲು ಅದನ್ನೇ ಮಾಡಿ.

ಮೂರರಲ್ಲಿ ಯಾವುದು ತಪ್ಪಿದೆ ಎನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ. ಸಕ್ಷನ್ ಗೇಜ್ ಆಳಕ್ಕೆ ಇಳಿದು ಆರ್‌ಪಿಎಂ ಸರಿಯಿದ್ದರೆ ತೊಂದರೆ ನೀರು ಬರುವ ದಾರಿಯಲ್ಲಿದೆ. ಸಕ್ಷನ್ ಸರಿಯಿದ್ದು ಆರ್‌ಪಿಎಂ ಬಿದ್ದರೆ ಎಂಜಿನ್. ಎರಡೂ ಸರಿಯಿದ್ದು ಒತ್ತಡ ಮಾತ್ರ ಕಡಿಮೆಯಿದ್ದರೆ ಪಂಪ್‌ನೊಳಗೆ: ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರಿಗೆ ಕಸ ಸಿಕ್ಕಿದೆ, ವೇರ್ ರಿಂಗ್ ಸವೆದಿದೆ, ಇಲ್ಲವೇ ರಿಲೀಫ್ ವಾಲ್ವ್ ತೆರೆದೇ ಇದೆ.

ಅದಕ್ಕೂ ಮೊದಲು ಇನ್ನೊಂದು ಸುಲಭದ ಪರೀಕ್ಷೆ ಇದೆ. ಎಲೆಕ್ಟ್ರಿಕ್ ಪಂಪನ್ನೂ ಅಷ್ಟೇ ಹರಿವಿನಲ್ಲಿ ಓಡಿಸಿ. ಎರಡಕ್ಕೂ ನೀರು ಹಂಚುವ ದಪ್ಪ ಪೈಪ್, ಅಂದರೆ ಸಕ್ಷನ್ ಹೆಡರ್, ಒಂದೇ ಆಗಿದ್ದು ಎರಡೂ ಸೋತರೆ ಎಂಜಿನ್ ಬಿಚ್ಚಿಸುವುದು ವ್ಯರ್ಥ, ದೋಷ ಟ್ಯಾಂಕಿಗೂ ಹೆಡರಿಗೂ ನಡುವೆ ಇದೆ. ಡೀಸೆಲ್ ಒಂದೇ ಸೋತರೆ ಅದರ ಸ್ವಂತ ಕವಲು ಅಥವಾ ಎಂಜಿನ್.

ಈಗ ನಮ್ಮ ಪಂಪಿನ ಅಂಕಿಗಳನ್ನು ನೋಡೋಣ. ಎಂಜಿನ್ ವೇಗ ಉದ್ದಕ್ಕೂ ಸರಿಯಿತ್ತು ಎಂದಿಟ್ಟುಕೊಳ್ಳಿ.

| ಹರಿವು (ನಿಮಿಷಕ್ಕೆ ಲೀಟರ್) | ಸಕ್ಷನ್ | ಡೆಲಿವರಿ |
|---|---|---|
| 0 | +0.15 | 10.75 |
| 2280 | −0.09 | 8.9 |
| 3420 | −0.38 | 4.5ರಿಂದ 5.5, ಮುಳ್ಳು ಕುಣಿಯುತ್ತದೆ |

ನೀರು ನಿಂತಾಗ +0.15 ಇರುವುದು ಸರಿ, ಅದು 1.5 ಮೀಟರ್ ನೀರಿನ ಭಾರ. ಅಲ್ಲಿಂದ 2280ಕ್ಕೆ 0.24 ಇಳಿದಿದೆ, 3420ಕ್ಕೆ 0.53 ಇಳಿದಿದೆ. ಹರಿವು ಒಂದೂವರೆ ಪಟ್ಟಾದಾಗ ಪೈಪಿನೊಳಗಿನ ಘರ್ಷಣೆಯ ನಷ್ಟ ಒಂದೂವರೆಯ ವರ್ಗ, ಅಂದರೆ 2.25 ಪಟ್ಟು ಆಗಬೇಕು. ಇಲ್ಲಿ ಸರಿಸುಮಾರು ಅಷ್ಟೇ ಆಗಿದೆ. ಹಾಗಾದರೆ ಇದು ನೀರಿನ ದಾರಿಯಲ್ಲಿರುವ ಗಟ್ಟಿ ಅಡೆತಡೆ, ಗಾಳಿಯಲ್ಲ. ಗಾಳಿ ನುಗ್ಗುತ್ತಿದ್ದರೆ ಸಕ್ಷನ್ ಮುಳ್ಳು ಇಂಥ ಶಿಸ್ತಿಗೆ ಬರುವುದಿಲ್ಲ, ಕಡಿಮೆ ಹರಿವಿನಲ್ಲೂ ತೂಗಾಡುತ್ತದೆ.

ಪಂಪ್ ಕೇಸಿಂಗಿನಲ್ಲಿ ಜಲ್ಲಿ ಹಾಕಿ ಅಲುಗಿಸಿದಂಥ ಸದ್ದು ಕೇಳಿದರೆ ಅದು ಕ್ಯಾವಿಟೇಶನ್. ನೀರಿನ ಒತ್ತಡ ತೀರಾ ಇಳಿದು ಇಂಪೆಲ್ಲರ್ ಕಣ್ಣಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತಿವೆ. ಓದು ಬರೆದುಕೊಂಡು ಕೂಡಲೇ ಹರಿವು ಇಳಿಸಿ. ಪಂಪ್ ಓಡುತ್ತಿರುವಾಗ ಸಕ್ಷನ್ ವಾಲ್ವ್ ಮುಟ್ಟಬೇಡಿ.

ಮಿತಿ ಎಷ್ಟು? ಎನ್‌ಎಫ್‌ಪಿಎ 20ರ ಪ್ರಕಾರ 150% ಹರಿವಿನಲ್ಲಿ, ಅಂದರೆ ನಮ್ಮ 3420ರಲ್ಲಿ, ಸಕ್ಷನ್ ಗೇಜ್ ಸೊನ್ನೆ ಅಥವಾ ಮೇಲೆ ಇರಬೇಕು. ಟ್ಯಾಂಕಿನ ತಳ ಪಂಪಿನ ಮಟ್ಟದಲ್ಲೋ ಮೇಲೋ ಇರುವ ಕಡೆ −0.2 ಬಾರ್‌ವರೆಗೆ ಬಿಡುತ್ತದೆ. ಕೆಜಿಗೂ ಬಾರ್‌ಗೂ ಇಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ −0.38 ಯಾವ ಲೆಕ್ಕದಲ್ಲೂ ಪಾಸಾಗುವುದಿಲ್ಲ.

ಹುಡುಕುವ ಕ್ರಮ ಹೀಗಿರಲಿ. ಸಕ್ಷನ್ ವಾಲ್ವ್ ಪೂರ್ತಿ ತೆರೆದಿದೆಯೇ? ಬಟರ್‌ಫ್ಲೈ ವಾಲ್ವ್‌ನ ಹಿಡಿ ತೆರೆದಂತೆ ಕಂಡರೂ ಒಳಗಿನ ತಟ್ಟೆ ಕಳಚಿಕೊಂಡು ಅಡ್ಡ ನಿಂತಿರಬಹುದು. ನಂತರ ಸ್ಟ್ರೈನರ್. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಬುಟ್ಟಿ ಹೊರತೆಗೆದರೆ ಹೊಸ ಕಟ್ಟಡಗಳಲ್ಲಿ ಸಿಮೆಂಟ್ ಕೆನೆ, ವೆಲ್ಡಿಂಗ್ ಕಸ, ಪ್ಲಾಸ್ಟಿಕ್ ಚೀಲ ಸಾಮಾನ್ಯ. ಪೈಪ್ ಜೋಡಿಸಿದ ಮೇಲೆ ಫ್ಲಶಿಂಗ್ ಮಾಡದೆ ಪರೀಕ್ಷೆಗೆ ಇಳಿದದ್ದರ ಫಲ ಇದು. ಆಮೇಲೆ ಪೈಪಿನ ಅಳತೆ: 3420 ಲೀಟರ್ ಹರಿದಾಗ 150 ಮಿ.ಮೀ. ಪೈಪಿನಲ್ಲಿ ವೇಗ ಸೆಕೆಂಡಿಗೆ 3.2 ಮೀಟರ್. ಯಾರೋ ಉಳಿತಾಯಕ್ಕೆಂದು 125 ಹಾಕಿದ್ದರೆ ಅದು 4.65 ಆಗಿ, ಎನ್‌ಎಫ್‌ಪಿಎ ಕೊಡುವ 4.57ರ ಮಿತಿ ದಾಟುತ್ತದೆ.

ನಮ್ಮ ಉದಾಹರಣೆಯಲ್ಲಿ ಸ್ಟ್ರೈನರ್ ತೊಳೆದ ಮೇಲೆ ಸಕ್ಷನ್ 2280ಕ್ಕೆ +0.05, 3420ಕ್ಕೆ −0.06 ಆಗಿ, ಡೆಲಿವರಿ 6.2ರಲ್ಲಿ ಸ್ಥಿರವಾಗಿ ನಿಂತರೆ ಕೆಲಸ ಮುಗಿದಂತೆ. ಪಂಪ್ ಕೊಟ್ಟ ನಿಜವಾದ ಒತ್ತಡ ಎರಡರ ವ್ಯತ್ಯಾಸ, ಅಂದರೆ 6.26.

ಮುಳ್ಳು ತೂಗಾಡುತ್ತದೆ, ನೀರಿನಲ್ಲಿ ಗುಳ್ಳೆ

ಇದು ಗಾಳಿಯ ಲಕ್ಷಣ. ಟೆಸ್ಟ್ ಲೈನಿನ ನೀರು ಟ್ಯಾಂಕಿಗೆ ಎಲ್ಲಿ ಬೀಳುತ್ತದೆ ಎಂದು ಮೊದಲು ಟಾರ್ಚ್ ಬಿಟ್ಟು ನೋಡಿ. ಸಕ್ಷನ್ ಬಾಯಿಯ ಪಕ್ಕದಲ್ಲೇ ಮೇಲಿಂದ ಧುಮುಕುತ್ತಿದ್ದರೆ ಅದು ಎಬ್ಬಿಸಿದ ಗುಳ್ಳೆಯನ್ನೇ ಪಂಪ್ ಮತ್ತೆ ಎಳೆದುಕೊಳ್ಳುತ್ತದೆ. ಆ ಪೈಪನ್ನು ದೂರಕ್ಕೆ ಒಯ್ದರೆ ಸಾಕು. ನೀರಿನ ಮೇಲ್ಮೈಯಲ್ಲಿ ಸುಳಿ ಕಂಡರೆ ಮಟ್ಟ ಕಡಿಮೆಯಾಗಿದೆ, ಇಲ್ಲವೇ ಸುಳಿ ತಡೆಯುವ ತಟ್ಟೆ ಹಾಕಿಲ್ಲ.

ಪಂಪಿನ ಬಾಯಿಗೆ ಸೇರುವಲ್ಲಿನ ರೆಡ್ಯೂಸರ್ ನೋಡಿ. ಅದರ ಮೇಲ್ಬದಿ ಚಪ್ಪಟೆಯಾಗಿರಬೇಕು. ಎರಡೂ ಬದಿ ಓರೆಯಿರುವ ರೆಡ್ಯೂಸರ್ ಹಾಕಿದ್ದರೆ ಮೇಲಿನ ಮೂಲೆಯಲ್ಲಿ ಗಾಳಿ ಕೂತು, ಹರಿವು ಹೆಚ್ಚಿದಾಗ ಗಡ್ಡೆಯಾಗಿ ಒಳನುಗ್ಗುತ್ತದೆ. ಸ್ಪ್ಲಿಟ್ ಕೇಸಿಂಗ್ ಪಂಪ್ ಆದರೆ ಶಾಫ್ಟಿಗೆ ಸಮಾನಾಂತರ ತಿರುವಿರುವ ಬೆಂಡ್ ಪಂಪಿಗೆ ಪೈಪಿನ ಹತ್ತು ವ್ಯಾಸದೊಳಗೆ ಇರಬಾರದು. 150 ಮಿ.ಮೀ. ಪೈಪಿಗೆ ಅದು ಒಂದೂವರೆ ಮೀಟರ್. ಹತ್ತಿರವಿದ್ದರೆ ಇಂಪೆಲ್ಲರಿನ ಒಂದು ಪಕ್ಕಕ್ಕೆ ಹೆಚ್ಚು ನೀರು ಹೋಗಿ ಬೇರಿಂಗ್ ಬಿಸಿಯಾಗುತ್ತದೆ.

ಪಂಪ್ ಸಂಪಿಗಿಂತ ಮೇಲಿರುವ ಹಳೆಯ ಕಟ್ಟಡಗಳ ಕಥೆ ಬೇರೆ. ಅಲ್ಲಿ ಪಂಪ್ ತಿರುಗಿಯೂ ಒತ್ತಡವೇ ಬಾರದಿದ್ದರೆ ಫುಟ್ ವಾಲ್ವ್ ಸೋರಿ ಪ್ರೈಮಿಂಗ್ ಇಳಿದಿದೆ. ನಿಲ್ಲಿಸಿ, ಪ್ರೈಮಿಂಗ್ ಟ್ಯಾಂಕಿನಿಂದ ತುಂಬಿಸಿ, ಕೇಸಿಂಗ್ ಮೇಲಿನ ಕಾಕ್‌ನಿಂದ ಗಾಳಿ ಬಿಡಿ, ಒಣಗಿ ಓಡಿಸಬೇಡಿ. ಇಂಥ ಜೋಡಣೆಗೆ ಎನ್‌ಎಫ್‌ಪಿಎ ವರ್ಟಿಕಲ್ ಟರ್ಬೈನ್ ಪಂಪನ್ನೇ ಹೇಳುತ್ತದೆ, ಕಾರಣವೂ ಇದೇ. ಫುಟ್ ವಾಲ್ವ್ ಸರಿಪಡಿಸಲು ಸಂಪಿಗೆ ಇಳಿಯುವುದು ಮನೆಯ ಪ್ಲಂಬರನ ಕೆಲಸವಲ್ಲ. ಒಳಗಿನ ಗಾಳಿ ಅಳೆಯದೆ, ಮೇಲೆ ಹಗ್ಗ ಹಿಡಿದ ಜನ ಇಲ್ಲದೆ ಯಾರನ್ನೂ ಇಳಿಸಬೇಡಿ.

ಎಂಜಿನ್ ನರಳುತ್ತದೆ, ಕಪ್ಪು ಹೊಗೆ, ಆರ್‌ಪಿಎಂ ಬೀಳುತ್ತದೆ

ಸಕ್ಷನ್ ಗೇಜ್ ನೆಟ್ಟಗಿದ್ದು ಹೀಗಾದರೆ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಆಮೇಲೆ ಪಂಪ್ ರೂಮಿಗೆ ಗಾಳಿ ಬರುವ ಜಾಲರಿ ನೋಡಿ. ಜಾಲರಿಗೆ ಸಾಮಾನು ಒರಗಿಸಿಟ್ಟಿರುವುದು ಅಪರೂಪವಲ್ಲ. ವೇಗದ ಸಣ್ಣ ಇಳಿತವೂ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: 2900 ಇರಬೇಕಾದ ಆರ್‌ಪಿಎಂ 2755ಕ್ಕೆ ಇಳಿದರೆ ವೇಗದಲ್ಲಿ ನಷ್ಟ 5%, ಒತ್ತಡದಲ್ಲಿ ಸುಮಾರು 10%.

ಎಲ್ಲ ಫಿಲ್ಟರ್ ಬದಲಾಯಿಸಿದ ಮೇಲೂ ಸೋಲುವ ಎಂಜಿನ್ ಮೊದಲಿಂದಲೇ ಚಿಕ್ಕದಿರಬಹುದು. ನಮ್ಮ ಪಂಪಿಗೆ 3420 ಲೀಟರಿನಲ್ಲಿ, 63 ಮೀಟರ್ ಹೆಡ್, 65% ದಕ್ಷತೆ ಎಂದು ಹಿಡಿದರೆ ಸುಮಾರು 54 ಕಿಲೋವ್ಯಾಟ್ ಬೇಕು. ಎಂಜಿನ್ ಪ್ಲೇಟಿನಲ್ಲಿ 58 ಎಂದಿದೆ, ಸಾಕು ಅನ್ನಿಸುತ್ತದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎನ್‌ಎಫ್‌ಪಿಎ ಲೆಕ್ಕದಲ್ಲಿ 91 ಮೀಟರಿನ ಮೇಲೆ ಪ್ರತಿ 300 ಮೀಟರಿಗೆ 3% ಕಳೆಯಬೇಕು, ಅಂದರೆ 8%. ಪಂಪ್ ರೂಮ್ 40 ಡಿಗ್ರಿ ಇದ್ದರೆ, 25ರ ಮೇಲಿನ ಪ್ರತಿ 5.6 ಡಿಗ್ರಿಗೆ 1%ರಂತೆ ಇನ್ನೂ 2.7%. ಕೈಗೆ ಸಿಗುವುದು 52 ಕಿಲೋವ್ಯಾಟಿನ ಆಸುಪಾಸು. ಇದೇ ಎಂಜಿನ್ ಮಂಗಳೂರಿನಲ್ಲಿ 56 ಕೊಟ್ಟು ಪಾಸಾಗುತ್ತದೆ. ಇದನ್ನು ಟ್ಯೂನಿಂಗ್ ಸರಿಪಡಿಸುವುದಿಲ್ಲ. ಇಂಜೆಕ್ಷನ್ ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚಿಸುತ್ತೇನೆ ಎನ್ನುವವರಿಗೆ ಒಪ್ಪಬೇಡಿ. ಸರಬರಾಜುದಾರರಿಂದ ಈ ಎತ್ತರಕ್ಕೆ ಕಳೆದ ಮೇಲಿನ ಶಕ್ತಿಯ ಲೆಕ್ಕ ಬರಹದಲ್ಲಿ ಕೇಳಿ.

ಹೊಗೆಯಿಲ್ಲದೆ ಎಂಜಿನ್ ಬರೀ ಬಿಸಿಯೇರುತ್ತಿದ್ದರೆ ಹೀಟ್ ಎಕ್ಸ್‌ಚೇಂಜರಿಗೆ ಹೋಗುವ ನೀರಿನ ಲೈನ್ ನೋಡಿ. ಅದು ಪಂಪಿನ ಡೆಲಿವರಿಯಿಂದಲೇ ಬರುತ್ತದೆ, ಅದಕ್ಕೂ ಒಂದು ಪುಟ್ಟ ಸ್ಟ್ರೈನರ್ ಇದೆ, ಅದನ್ನು ಯಾರೂ ತೊಳೆಯುವುದಿಲ್ಲ.

ಅಕ್ಸೆಪ್ಟೆನ್ಸ್ ಟೆಸ್ಟ್ ಪಾಸಾಗಿದೆ, ಆದರೂ ನೀರು ಸಾಲದು

ಹೀಗಾದರೆ ವ್ಯವಸ್ಥೆಯನ್ನು ಒಪ್ಪಿಕೊಳ್ಳುವ ಮುನ್ನ ಆ ಟೆಸ್ಟ್ ಹೇಗೆ ಮಾಡಿದರು ಎಂದು ಕೇಳಿ. ಫ್ಲೋ ಮೀಟರಿನಿಂದ ಹೊರಬಂದ ನೀರನ್ನು ಟ್ಯಾಂಕಿಗೆ ಬಿಡದೆ ನೇರ ಸಕ್ಷನ್ ಪೈಪಿಗೇ ಜೋಡಿಸಿದ್ದರೆ ಅದೇ ನೀರು ಸುತ್ತು ಹೊಡೆಯುತ್ತಿರುತ್ತದೆ. ಪಂಪ್ ಮತ್ತು ಎಂಜಿನ್ ಪರೀಕ್ಷೆಯಾಯಿತು, ಟ್ಯಾಂಕಿನಿಂದ ಬರುವ ದಾರಿ ಪರೀಕ್ಷೆಯಾಗಲೇ ಇಲ್ಲ. ಮೇಲೆ ಹೇಳಿದ ಕಟ್ಟಿದ ಸ್ಟ್ರೈನರ್ ಈ ವಿಧಾನದಲ್ಲಿ ಸಿಕ್ಕಿಬೀಳುವುದೇ ಇಲ್ಲ. ಒಮ್ಮೆಯಾದರೂ ನೀರು ಟ್ಯಾಂಕಿನಿಂದ ಹೊರಟು ಟ್ಯಾಂಕಿನ ದೂರದ ತುದಿಗೋ ಹೊರಗಿನ ಹೈಡ್ರಂಟಿಗೋ ಹೋಗುವಂತೆ ಅಳೆಸಿ. ಹೊರಗೆ ಬಿಡುವುದಾದರೆ ಹತ್ತು ನಿಮಿಷಕ್ಕೆ 34,000 ಲೀಟರ್ ಖರ್ಚಾಗುತ್ತದೆ, ಟ್ಯಾಂಕ್ ತುಂಬಿಸುವ ವ್ಯವಸ್ಥೆ ಮೊದಲೇ ಇರಲಿ. ನಾಝಲ್‌ಗಳನ್ನು ಗಟ್ಟಿಯಾಗಿ ಕಟ್ಟಿ, ಕೈಯಲ್ಲಿ ಹಿಡಿದು ನಿಲ್ಲಬೇಡಿ.

ಮೂರು ಹರಿವಿನಲ್ಲಿ ಓದಬೇಕು: ಸೊನ್ನೆ, 2280, 3420. ಪಂಪಿನ ನಿಜವಾದ ಒತ್ತಡ ಸೊನ್ನೆಯಲ್ಲಿ 9.0ರ 140% ಅಂದರೆ 12.6 ಮೀರಬಾರದು, 2280ರಲ್ಲಿ 9.0 ಇರಬೇಕು, 3420ರಲ್ಲಿ 65% ಅಂದರೆ 5.85ಕ್ಕಿಂತ ಇಳಿಯಬಾರದು. ಪ್ರತಿ ಓದಿನ ಜೊತೆಗೆ ಆರ್‌ಪಿಎಂ ಮತ್ತು ಸಕ್ಷನ್ ಅಂಕಿ ಇಲ್ಲದ ರಿಪೋರ್ಟಿಗೆ ಸಹಿ ಹಾಕಬೇಡಿ. ನೀರು ಹರಿಯದೆ ಹೆಚ್ಚು ಹೊತ್ತು ಓಡಿಸಿದರೆ ಕೇಸಿಂಗಿನ ನೀರು ಕಾಯುತ್ತದೆ, ಓದು ತೆಗೆದುಕೊಂಡ ಕೂಡಲೇ ಮುಂದಿನ ಹಂತಕ್ಕೆ ಹೋಗಿ.

ಸ್ಟಾರ್ಟ್ ಪರೀಕ್ಷೆಯನ್ನು ಬಟನ್ ಒತ್ತಿ ಮಾತ್ರ ಮಾಡಿಸಬೇಡಿ. ಎನ್‌ಎಫ್‌ಪಿಎ ಆರು ಸಲ ಕೈಯಾರೆ, ಆರು ಸಲ ಆಟೋದಲ್ಲಿ ಎಬ್ಬಿಸಲು ಹೇಳುತ್ತದೆ, ಡೀಸೆಲ್ ಆದರೆ ಅರ್ಧ ಒಂದು ಬ್ಯಾಟರಿಯಿಂದ, ಅರ್ಧ ಇನ್ನೊಂದರಿಂದ. ಆಟೋ ಪರೀಕ್ಷೆಯೆಂದರೆ ಒತ್ತಡವನ್ನು ಪ್ಯಾನೆಲಿಗೆ ತಲುಪಿಸುವ ಸೆನ್ಸಿಂಗ್ ಲೈನಿನ ಒತ್ತಡ ಇಳಿಸಿ ಎಬ್ಬಿಸುವುದು. ಆ ಲೈನಿನಲ್ಲಿ 2.4 ಮಿ.ಮೀ.ನ ರಂಧ್ರವಿರುತ್ತದೆ, ತುಕ್ಕಿನ ಒಂದು ಚೂರು ಸಾಕು ಅದನ್ನು ಮುಚ್ಚಲು. ಹೆಡರ್ ಗೇಜ್ 8ಕ್ಕೆ ಇಳಿದರೂ ಪ್ಯಾನೆಲ್ ಗೇಜ್ 10ರಲ್ಲೇ ನಿಂತಿದ್ದರೆ ಎಂಜಿನ್ ಚೆನ್ನಾಗಿದ್ದೂ ಏಳದಿರುವ ಕಾರಣ ಅಲ್ಲೇ ಇದೆ. ಯೂನಿಯನ್ ಬಿಚ್ಚಿ ರಂಧ್ರ ಶುಚಿ ಮಾಡಿ, ಆ ಲೈನಿನಲ್ಲಿ ಯಾರಾದರೂ ಶಟ್-ಆಫ್ ವಾಲ್ವ್ ಹಾಕಿದ್ದರೆ ತೆಗೆಸಿಬಿಡಿ. ಎಲ್ಲ ಮುಗಿದ ಮೇಲೆ ಮೂರೂ ಸ್ವಿಚ್ ಆಟೋಗೆ ತಂದು, ಪ್ರತಿ ವಾಲ್ವನ್ನೂ ಕೈಮುಟ್ಟಿ ನೋಡಿ, ಟ್ಯಾಂಕ್ ತುಂಬಿದೆಯೇ ಖಚಿತಪಡಿಸಿಕೊಂಡು ಸೆಕ್ಯೂರಿಟಿಗೆ ತಿಳಿಸಿ.